ಎಣ್ಣೆಗಾಯಿಯಲ್ಲಿ ಎಣ್ಣೆ ಎಷ್ಟು? ಮನೆಯಡುಗೆಯ ಕ್ಯಾಲೊರಿ ಲೆಕ್ಕ ಹಾಕುವ ಬಗೆ

ಕ್ಯಾಲೊರಿ ಲೆಕ್ಕ ಇಡಲು ಶುರುಮಾಡಿದ ಮೊದಲ ತಿಂಗಳು ನನ್ನ ಪುಸ್ತಕದಲ್ಲಿ ದಿನಕ್ಕೆ 1,500 ಅಂತ ಇರುತ್ತಿತ್ತು, ತೂಕ ಮಾತ್ರ ಇಳಿಯುತ್ತಿರಲಿಲ್ಲ. ಅನ್ನವನ್ನು ತೂಗಿ ಬಡಿಸಿಕೊಳ್ಳುತ್ತಿದ್ದೆ, ಚಪಾತಿ ಎಣಿಸುತ್ತಿದ್ದೆ. ಅವುಗಳ ಜೊತೆಗೆ ತಟ್ಟೆಗೆ ಬರುವ ಪಲ್ಯ, ಹುಳಿ, ಗೊಜ್ಜುಗಳಿಗೆ ಆ್ಯಪ್‌ನಲ್ಲಿ ಸಿಕ್ಕಿದ ಯಾವುದೋ ಒಂದು ಹೆಸರನ್ನು ಒತ್ತಿ ಮುಂದೆ ಹೋಗುತ್ತಿದ್ದೆ. ತಪ್ಪು ಅಲ್ಲೇ ಇತ್ತು. ಅದು ಎಷ್ಟು ದೊಡ್ಡ ತಪ್ಪು ಅನ್ನುವುದು ಒಂದು ಭಾನುವಾರ ಬದನೆಕಾಯಿ ಎಣ್ಣೆಗಾಯಿಯನ್ನು ಮೊದಲಿಂದ ಕೊನೆಯವರೆಗೆ ತೂಗಿ ನೋಡಿದಾಗ ಗೊತ್ತಾಯಿತು. ಆ ಒಂದು ಬಾಣಲೆಯ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಅದೇ ಕ್ರಮದಲ್ಲಿ ನಿಮ್ಮ ಮನೆಯ ಯಾವ ಅಡುಗೆಯನ್ನಾದರೂ ಅಳೆಯಬಹುದು.

ಮೊದಲೇ ಒಂದು ಮಾತು. ನಾವು ದಿನಬಳಕೆಯಲ್ಲಿ ಕ್ಯಾಲೊರಿ ಅನ್ನುವುದು ಪೊಟ್ಟಣಗಳ ಮೇಲೆ ಕಿಲೊ ಕ್ಯಾಲೊರಿ ಎಂದು ಅಚ್ಚಾಗಿರುತ್ತದೆ. ಎರಡೂ ಒಂದೇ. ಇಲ್ಲಿ ಉದ್ದಕ್ಕೂ ಕ್ಯಾಲೊರಿ ಎಂದೇ ಬರೆದಿದ್ದೇನೆ.

ಎಣ್ಣೆಯ ಬಗ್ಗೆಯೇ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು

ನೂರು ಗ್ರಾಂ ಬದನೆಕಾಯಿಯಲ್ಲಿ ಸುಮಾರು 25 ಕ್ಯಾಲೊರಿ ಇರುತ್ತದೆ. ಬದನೆಕಾಯಿಯ ತೂಕದಲ್ಲಿ 50 ಗ್ರಾಂ ಹೆಚ್ಚುಕಡಿಮೆಯಾದರೆ ಲೆಕ್ಕದಲ್ಲಿ ಬರುವ ವ್ಯತ್ಯಾಸ ಹನ್ನೆರಡು ಹದಿಮೂರು ಕ್ಯಾಲೊರಿ, ಅಷ್ಟೇ. ಎಣ್ಣೆ ಮತ್ತು ತುಪ್ಪದಲ್ಲಿ ಗ್ರಾಮಿಗೆ 9 ಕ್ಯಾಲೊರಿ. ಅದೇ 50 ಗ್ರಾಂ ಎಣ್ಣೆ ತಪ್ಪಿಹೋದರೆ 450 ಕ್ಯಾಲೊರಿಯೇ ಕಾಣೆಯಾದಂತೆ. ಹಾಗಾಗಿ ತರಕಾರಿಯನ್ನು ಕಣ್ಣಂದಾಜಿನಲ್ಲಿ ಬರೆದುಕೊಂಡರೂ ನಡೆಯುತ್ತದೆ, ಎಣ್ಣೆಯನ್ನು ಮಾತ್ರ ತೂಗಲೇಬೇಕು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ, ತುಪ್ಪ ಎಲ್ಲದಕ್ಕೂ ಇದೇ 9ರ ಲೆಕ್ಕ ಸಾಕು. ಅವುಗಳ ನಡುವಿನ ವ್ಯತ್ಯಾಸ ನಮ್ಮ ಅಳತೆಯ ತಪ್ಪಿಗಿಂತ ಚಿಕ್ಕದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ಟಿನ ಮೇಲೆ ಸಾಮಾನ್ಯವಾಗಿ 910 ಗ್ರಾಂ ಎಂದು ಅಚ್ಚಾಗಿರುತ್ತದೆ, ನೋಡಿ. ಆದ್ದರಿಂದ 5 ಮಿಲಿಲೀಟರ್ ಅಳತೆ ಚಮಚದಲ್ಲಿ ಹಿಡಿಯುವುದು ನಾಲ್ಕೂವರೆ ಗ್ರಾಂ, ಅಂದರೆ ಸುಮಾರು 40 ಕ್ಯಾಲೊರಿ. 15 ಮಿಲಿಲೀಟರಿನ ದೊಡ್ಡ ಚಮಚದಲ್ಲಿ 14 ಗ್ರಾಂ ಹತ್ತಿರ, 120 ಕ್ಯಾಲೊರಿಗಿಂತ ತುಸು ಹೆಚ್ಚು. ಮಿಲಿಲೀಟರನ್ನೂ ಗ್ರಾಮನ್ನೂ ಬೆರೆಸಿದರೆ ಲೆಕ್ಕ ಹತ್ತನೇ ಒಂದು ಭಾಗ ತಪ್ಪುತ್ತದೆ. ಎಲ್ಲವನ್ನೂ ಗ್ರಾಮಿನಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಬೇಕಾಗುವ ಸಾಮಾನು

ಒಂದು ಗ್ರಾಂವರೆಗೆ ತೋರಿಸುವ, ಐದು ಕಿಲೊ ತಾಳುವ ಡಿಜಿಟಲ್ ತಕ್ಕಡಿ ಒಂದು. ಅಡುಗೆಮನೆಯ ಗೋಡೆಗೆ ಅಂಟಿಸಿದ ಒಂದು ಹಾಳೆ, ಒಂದು ಪೆನ್ನು. ಬಿಸಿ ಪಾತ್ರೆಯ ಕೆಳಗೆ ಇಡಲು ಮರದ ಹಲಗೆ ಅಥವಾ ಮಣೆ. ಬಿಸಿ ಬಾಣಲೆಯನ್ನು ನೇರವಾಗಿ ತಕ್ಕಡಿಯ ಮೇಲೆ ಇಟ್ಟರೆ ಅಂಕಿ ನಿಲ್ಲದೆ ಓಡಾಡುತ್ತದೆ, ಕ್ರಮೇಣ ತಕ್ಕಡಿಯೂ ಕೆಡುತ್ತದೆ. ಹಲಗೆ ಇಟ್ಟು ಅಂಕಿಯನ್ನು ಸೊನ್ನೆ ಮಾಡಿಕೊಂಡು ಆಮೇಲೆ ಬಾಣಲೆ ಇಡಿ.

ಮನೆಯಲ್ಲಿ ಅಡುಗೆಗೆ ಬಳಸುವ ಪಾತ್ರೆಗಳನ್ನೆಲ್ಲ ಒಮ್ಮೆ ಖಾಲಿ ಇರುವಾಗ ತೂಗಿ ಹಾಳೆಯ ಮೇಲೆ ಬರೆದಿಡಿ. ನಮ್ಮ ಮನೆಯಲ್ಲಿ ಎಣ್ಣೆಗಾಯಿ ಮಾಡುವ ಬಾಣಲೆ 612 ಗ್ರಾಂ. ಈ ಕೆಲಸ ಒಂದೇ ಸಲ ಮಾಡಬೇಕಾದ್ದು, ಆದರೆ ಮರೆತರೆ ಅಡುಗೆ ಮುಗಿದ ಮೇಲೆ ಪಾತ್ರೆಯ ತೂಕ ಕಳೆಯಲಾಗದೆ ಇಡೀ ಲೆಕ್ಕ ನಿಂತುಹೋಗುತ್ತದೆ. ಕುಕ್ಕರಿನಂಥ ಭಾರದ ಪಾತ್ರೆಯಾದರೆ ಬೆಂದದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ತೂಗುವುದು ಸುಲಭ.

ಮೊದಲ ಹೆಜ್ಜೆ: ಬಾಟಲಿಯನ್ನು ತೂಗಿ, ಕೈಯನ್ನು ತಡೆಯಬೇಡಿ

ನಮ್ಮ ಮನೆಯಲ್ಲಿ ಎಣ್ಣೆಗಾಯಿ ಅತ್ತೆಯವರ ಕೈಯದು. ಮೊದಲ ತಿಂಗಳಲ್ಲಿ ನಾನು ಕೇಳಿದ್ದೆ, "ಅತ್ತೆ, ಇದಕ್ಕೆ ಎಣ್ಣೆ ಎಷ್ಟು ಹಾಕಿದ್ರಿ?" "ಮೂರು ಚಮಚ ಕಣಮ್ಮ, ಜಾಸ್ತಿ ಏನಿಲ್ಲ" ಅಂದಿದ್ದರು. ನಾನು ಮೂರು ಸಣ್ಣ ಚಮಚ ಅಂತ ಬರೆದುಕೊಂಡೆ, ಹದಿಮೂರೂವರೆ ಗ್ರಾಂ.

ಆ ಭಾನುವಾರ ನಾನು ಏನನ್ನೂ ಕೇಳಲಿಲ್ಲ. ಅಡುಗೆ ಶುರುವಾಗುವ ಮೊದಲು ಎಣ್ಣೆ ಬಾಟಲಿಯನ್ನು ಮುಚ್ಚಳದ ಸಮೇತ ತೂಗಿದೆ, 742 ಗ್ರಾಂ. ಅತ್ತೆ ಎಂದಿನಂತೆ ಅಡುಗೆ ಮಾಡಿದರು. ಅವರು ಬಾಟಲಿ ಕೆಳಗಿಟ್ಟಾಗಲೆಲ್ಲ ನಾನು ಒಮ್ಮೆ ತೂಗಿ ಬರೆದುಕೊಂಡೆ. ಮಸಾಲೆಗೆ ಈರುಳ್ಳಿ ಬಾಡಿಸಿದ ಮೇಲೆ 728. ಒಗ್ಗರಣೆ ಹಾಕಿ ಬದನೆಕಾಯಿ ಹುರಿಯಲು ಬಿಟ್ಟ ಮೇಲೆ 682. ಕೊನೆಗೆ ಮುಚ್ಚಳ ತೆಗೆದು ಬಾಣಲೆಯ ಅಂಚಿನಲ್ಲಿ ಒಂದು ಸುತ್ತು ಬಿಟ್ಟರು, ಆಗ 661. ಒಟ್ಟು 81 ಗ್ರಾಂ.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬದನೆಕಾಯಿ ಹುರಿಯುವಾಗ ಅವರು ಹಾಕಿದ್ದು ಮೂರೇ ಚಮಚ, 46 ಗ್ರಾಂ. ಆದರೆ ಅವರ ಚಮಚ ಬಡಿಸುವ ದೊಡ್ಡ ಸ್ಟೀಲ್ ಚಮಚ, ಒಂದಕ್ಕೆ ಹದಿನೈದು ಗ್ರಾಂ ಮೇಲೆ ಹಿಡಿಯುತ್ತದೆ. ಮೊದಲು ಈರುಳ್ಳಿಗೆ ಬಿಟ್ಟ 14 ಗ್ರಾಂ ಅವರ ಮನಸ್ಸಿನಲ್ಲಿ ಮಸಾಲೆಯ ಲೆಕ್ಕ. ಕೊನೆಗೆ ಅಂಚಿಗೆ ಬಿಟ್ಟ 21 ಗ್ರಾಂ ಯಾವ ಲೆಕ್ಕಕ್ಕೂ ಸೇರಿದ್ದಲ್ಲ, ಕೈಗೆ ಬಂದ ಅಭ್ಯಾಸ. ಅಡುಗೆ ಮಾಡುವ ಯಾರನ್ನೇ ಕೇಳಿದರೂ ಅವರು ಹೇಳುವುದು ಮುಖ್ಯವಾದ ಒಂದು ಸಲದ ಎಣ್ಣೆಯನ್ನು. ಅದಕ್ಕಾಗಿಯೇ ನಾನು ಕೇಳುವುದನ್ನು ಬಿಟ್ಟು ಬಾಟಲಿ ತೂಗುವುದನ್ನು ಹಿಡಿದೆ. ಇದರಿಂದ ಅಡುಗೆ ಮಾಡುವವರಿಗೆ ಯಾರೋ ತಮ್ಮ ಕೈ ಕಾಯುತ್ತಿದ್ದಾರೆ ಅನ್ನಿಸುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಪ್ರತಿ ಸಲ ಹೀಗೆ ಮೂರು ಮೂರು ಬಾರಿ ತೂಗಬೇಕಾಗಿಲ್ಲ. ಅಡುಗೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಸಾಕು.

ತಕ್ಕಡಿಯ ಎರಡು ಗುಣಗಳನ್ನು ತಿಳಿದಿರಬೇಕು. ಬಾಟಲಿ ಇಟ್ಟು ಸೊನ್ನೆ ಮಾಡಿ, ಎಣ್ಣೆ ಬಳಸಿ ಮತ್ತೆ ಇಟ್ಟರೆ ಬಳಸಿದಷ್ಟು ತೂಕ ಋಣ ಚಿಹ್ನೆಯೊಂದಿಗೆ ಕಾಣುತ್ತದೆ. ಕೇಳಲು ಸುಲಭ, ಆದರೆ ಬಹಳಷ್ಟು ತಕ್ಕಡಿಗಳು ಒಂದೆರಡು ನಿಮಿಷದಲ್ಲಿ ತಾವಾಗಿ ಆರಿಹೋಗುತ್ತವೆ, ಆಗ ಆ ಸೊನ್ನೆಯೂ ಮರೆತುಹೋಗುತ್ತದೆ. ಹಾಗಾಗಿ ಮೊದಲ ತೂಕವನ್ನು ಬರೆದಿಡುವುದೇ ಭದ್ರ. ಎರಡನೆಯದು, ಬಾಣಲೆಯನ್ನೇ ತಕ್ಕಡಿಯ ಮೇಲಿಟ್ಟು ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಕೆಲವು ತಕ್ಕಡಿಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಣ್ಣ ಏರಿಳಿತವನ್ನು ತಾವೇ ಸೊನ್ನೆ ಮಾಡಿಕೊಳ್ಳುವ ಹಾಗೆ ಅವುಗಳನ್ನು ಮಾಡಿರುತ್ತಾರೆ. ಬಾಟಲಿಯನ್ನು ಪೂರ್ತಿ ಎತ್ತಿ, ಬಳಸಿ, ಮರಳಿ ಇಡುವ ಕ್ರಮದಲ್ಲಿ ಈ ತೊಂದರೆ ಇಲ್ಲ.

ಎರಡನೆಯ ಹೆಜ್ಜೆ: ಉಳಿದ ಸಾಮಾನನ್ನು ಹಸಿಯಾಗಿಯೇ ಬರೆದುಕೊಳ್ಳಿ

ಆ್ಯಪ್‌ನಲ್ಲಿ "ಬದನೆಕಾಯಿ ಕರಿ" ಎಂದು ಹುಡುಕಿದರೆ ಹತ್ತಾರು ನಮೂದುಗಳು ಬರುತ್ತವೆ. ಯಾರ ಮನೆಯ ಬದನೆಕಾಯಿ, ಯಾರ ಬಾಟಲಿಯ ಎಣ್ಣೆ ಅನ್ನುವುದು ಯಾವುದರಲ್ಲೂ ಇರುವುದಿಲ್ಲ. ಮಾಡಿದ ಅಡುಗೆಯ ನಮೂದನ್ನು ಬಿಟ್ಟು ಹಸಿ ಸಾಮಾನಿನ ನಮೂದುಗಳನ್ನು ಬಳಸಿ. ನಂಬಬಹುದಾದ ಅಂಕಿ ಬೇಕೆಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕವಿದೆ. ಅದರಲ್ಲಿ ನಮ್ಮ ಕಾಳು, ತರಕಾರಿ, ಸೊಪ್ಪುಗಳೂ ಸೇರಿ 528 ಬಗೆಯ ಆಹಾರದ ವಿವರವಿದೆ. ಶಕ್ತಿಯನ್ನು ಅದರಲ್ಲಿ ಕಿಲೊಜೂಲಿನಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕು, ಅಷ್ಟೇ.

ಆ ದಿನದ ಎಣ್ಣೆಗಾಯಿಗೆ ಬಿದ್ದ ಸಾಮಾನು ಹೀಗಿತ್ತು. ತೊಟ್ಟು ಕತ್ತರಿಸಿದ ಮೇಲೆ 480 ಗ್ರಾಂ ತೂಗಿದ ಹನ್ನೆರಡು ಸಣ್ಣ ಬದನೆಕಾಯಿ, 150 ಗ್ರಾಂ ಈರುಳ್ಳಿ. ಎರಡೂ ಸೇರಿ 180 ಕ್ಯಾಲೊರಿ. ಹುರಿದ ಕಡಲೆಕಾಯಿ ಬೀಜ 50 ಗ್ರಾಂ, ಒಣಕೊಬ್ಬರಿ 30 ಗ್ರಾಂ, ಎಳ್ಳು 15 ಗ್ರಾಂ. ಇವು ಮೂರೂ ಸೇರಿ 569. ಬೆಲ್ಲ, ಹುಣಸೆರಸ, ಧನಿಯ ಮತ್ತು ಮೆಣಸಿನ ಪುಡಿ ಎಲ್ಲ ಸೇರಿ 122. ಎಣ್ಣೆ ಬಿಟ್ಟು ಒಟ್ಟು 871 ಕ್ಯಾಲೊರಿ.

ಮಧ್ಯದ ಅಂಕಿಯನ್ನು ಇನ್ನೊಮ್ಮೆ ನೋಡಿ. ತೂಕದಲ್ಲಿ 95 ಗ್ರಾಂ ಮಾತ್ರ ಇರುವ ಬೀಜ, ಕೊಬ್ಬರಿ, ಎಳ್ಳು 630 ಗ್ರಾಂ ತರಕಾರಿಗಿಂತ ಮೂರು ಪಟ್ಟು ಹೆಚ್ಚು ಕ್ಯಾಲೊರಿ ತಂದಿವೆ. ಇವುಗಳಲ್ಲೂ ಎಣ್ಣೆಯೇ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಣಕೊಬ್ಬರಿಯ ತೂಕದಲ್ಲಿ ಮೂರನೇ ಎರಡು ಪಾಲಿನ ಹತ್ತಿರ ಕೊಬ್ಬಿನಂಶ, ಹಸಿ ತೆಂಗಿನ ತುರಿಯಲ್ಲಿ ಮೂರನೇ ಒಂದು ಪಾಲು. ಪಲ್ಯದ ಮೇಲೆ ಉದುರಿಸುವ ಒಂದು ಹಿಡಿ ಕಾಯಿತುರಿ 30 ಗ್ರಾಂ ಇದ್ದರೆ ಅದೇ ನೂರು ಕ್ಯಾಲೊರಿ ದಾಟುತ್ತದೆ. ಹಾಗಾಗಿ ನನ್ನ ಮನೆಯ ಕ್ರಮ ಹೀಗೆ: ಎಣ್ಣೆ, ತುಪ್ಪ, ಕಾಯಿ, ಕೊಬ್ಬರಿ, ಬೀಜಗಳನ್ನು ತೂಗಲೇಬೇಕು. ಬೇಳೆ, ಆಲೂಗಡ್ಡೆ, ಬೆಲ್ಲವನ್ನು ತೂಗಿದರೆ ಒಳ್ಳೆಯದು. ಬದನೆ, ಬೀನ್ಸ್, ಟೊಮೆಟೊ, ಸೊಪ್ಪು ಅಂದಾಜಾದರೆ ಸಾಕು. ಉಪ್ಪು, ಅರಿಶಿನ, ಸಾಸಿವೆ, ಕರಿಬೇವನ್ನು ಬರೆಯುವುದೇ ಬೇಡ. ಎಲ್ಲವನ್ನೂ ತೂಗುತ್ತೇನೆ ಎಂದು ಹೊರಟವರು ನಾಲ್ಕನೇ ದಿನಕ್ಕೆ ಕೈಬಿಟ್ಟದ್ದನ್ನು ಕಂಡಿದ್ದೇನೆ.

ಬೇಳೆಯ ವಿಷಯದಲ್ಲಿ ಎಚ್ಚರ ಬೇಕು. ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ ಸುಮಾರು 340 ಕ್ಯಾಲೊರಿ. ಬೆಂದ ಮೇಲೆ ಅದೇ ಬೇಳೆ ನೀರು ಕುಡಿದು ಎರಡೂವರೆ ಮೂರು ಪಟ್ಟು ತೂಗುತ್ತದೆ. ಬೆಂದ ಬೇಳೆಯನ್ನು ತೂಗಿ ಹಸಿ ಬೇಳೆಯ ನಮೂದಿಗೆ ಹಾಕಿದರೆ ಲೆಕ್ಕ ಮೂರು ಪಟ್ಟಾಗುತ್ತದೆ. ಪಾತ್ರೆಗೆ ಹಾಕುವ ಮುಂಚೆಯೇ ತೂಗಿ.

ಮೂರನೆಯ ಹೆಜ್ಜೆ: ಇಡೀ ಬಾಣಲೆಯನ್ನು ತೂಗಿ

ಎಣ್ಣೆಯ 81 ಗ್ರಾಮನ್ನು 9ರಿಂದ ಗುಣಿಸಿದರೆ 729. ಇದನ್ನು 871ಕ್ಕೆ ಕೂಡಿದರೆ ಬಾಣಲೆಯಲ್ಲಿ ಒಟ್ಟು 1,600 ಕ್ಯಾಲೊರಿ. ಹೆಚ್ಚುಕಡಿಮೆ ಅರ್ಧ ಎಣ್ಣೆಯಿಂದಲೇ.

ಒಲೆ ಆರಿಸಿದ ಮೇಲೆ ಬಾಣಲೆಯನ್ನು ಹಲಗೆಯ ಮೇಲಿಟ್ಟು ತೂಗಿದೆ. ಒಳಗಿನ ಚಮಚ, ಮೇಲಿನ ಮುಚ್ಚಳ ತೆಗೆದು 1,732 ಗ್ರಾಂ. ಖಾಲಿ ಬಾಣಲೆಯ 612 ಕಳೆದರೆ ಎಣ್ಣೆಗಾಯಿ 1,120 ಗ್ರಾಂ. ಈಗ 1,600ನ್ನು 1,120ರಿಂದ ಭಾಗಿಸಿದರೆ ಗ್ರಾಮಿಗೆ 1.43 ಕ್ಯಾಲೊರಿ. ನೀರು ಎಷ್ಟು ಹಾಕಿದರು, ಎಷ್ಟು ಆವಿಯಾಯಿತು ಎಂದು ಕೇಳುವ ಅಗತ್ಯವೇ ಇಲ್ಲ. ನೀರಿಗೆ ಕ್ಯಾಲೊರಿ ಇಲ್ಲ, ಅದು ಕೊನೆಯ ತೂಕದಲ್ಲಿ ತಾನಾಗಿ ಸೇರಿಕೊಳ್ಳುತ್ತದೆ.

ಆ್ಯಪ್‌ನಲ್ಲಿ ಇದನ್ನು ಉಳಿಸಿಕೊಳ್ಳಲು ಒಂದು ಸುಲಭ ದಾರಿಯಿದೆ. ಹೊಸ ಅಡುಗೆ ಸೇರಿಸುವ ಜಾಗದಲ್ಲಿ ಎಷ್ಟು ಜನಕ್ಕೆ ಬಡಿಸುತ್ತೀರಿ ಎಂದು ಕೇಳುತ್ತದೆ. ಅಲ್ಲಿ 4 ಎಂದು ಹಾಕಬೇಡಿ, 1,120 ಎಂದು ಹಾಕಿ. ಆಗ ಒಂದು ಪಾಲು ಅಂದರೆ ಒಂದು ಗ್ರಾಂ. ನೀವು 180 ಗ್ರಾಂ ತಿಂದರೆ 180 ಪಾಲು ಎಂದು ನಮೂದಿಸಿ, ಉಳಿದ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ನಾಲ್ಕು ಜನಕ್ಕೆ ಎಂದು ಬರೆದರೆ ನಾಲ್ವರೂ ಸಮವಾಗಿ ತಿಂದಂತೆ. ಯಾವ ಮನೆಯಲ್ಲೂ ಹಾಗೆ ತಿನ್ನುವುದಿಲ್ಲ.

ನಾಲ್ಕನೆಯ ಹೆಜ್ಜೆ: ತಟ್ಟೆಗೆ ಬಂದದ್ದು ಎಷ್ಟು

ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಡಿಸಿಕೊಳ್ಳಿ. ಎರಡು ಬದನೆಕಾಯಿ, ಜೊತೆಗೆ ಮಸಾಲೆ ಸೇರಿ ನನ್ನ ತಟ್ಟೆಗೆ 180 ಗ್ರಾಂ ಬಂತು. 1.43ರಿಂದ ಗುಣಿಸಿದರೆ 257 ಕ್ಯಾಲೊರಿ. ಮೂರು ಸಣ್ಣ ಚಮಚ ಎಣ್ಣೆ ಎಂದು ನಂಬಿದ್ದಾಗ ಇದೇ ತಟ್ಟೆಗೆ ನಾನು ಬರೆಯುತ್ತಿದ್ದದ್ದು 160ರ ಹತ್ತಿರ. ಒಂದೇ ಹೊತ್ತಿನ ಒಂದೇ ಪದಾರ್ಥದಲ್ಲಿ ನೂರರಷ್ಟು ತಪ್ಪು.

ಎಣ್ಣೆಗಾಯಿಯಲ್ಲಿ ಇನ್ನೊಂದು ತೊಡಕಿದೆ. ಬದನೆಕಾಯಿಯ ತಿರುಳು ಸ್ಪಂಜಿನಂತೆ. ಬಾಣಲೆಗೆ ಬಿದ್ದ ಕೂಡಲೇ ಎಣ್ಣೆಯನ್ನೆಲ್ಲ ಹೀರಿಕೊಂಡು ತಳ ಒಣಗಿದಂತೆ ಕಾಣುತ್ತದೆ, ಅದನ್ನು ನೋಡಿಯೇ ನಾವು ಇನ್ನಷ್ಟು ಬಿಡುತ್ತೇವೆ. ಬೇಯುತ್ತಾ ತಿರುಳು ಕುಸಿದ ಹಾಗೆ ಹೀರಿದ್ದರಲ್ಲಿ ಒಂದಷ್ಟು ಹೊರಬಂದು ಮೇಲೆ ತೇಲುತ್ತದೆ. ಅಡುಗೆ ಪುಸ್ತಕಗಳಲ್ಲಿ ಬರುವ "ಎಣ್ಣೆ ಬಿಟ್ಟುಕೊಳ್ಳುವವರೆಗೆ" ಅನ್ನುವುದು ಈ ಘಟ್ಟವೇ. ಹೀಗೆ ತೇಲಿದ ಎಣ್ಣೆ ಎಲ್ಲರ ತಟ್ಟೆಗೂ ಸಮವಾಗಿ ಹೋಗುವುದಿಲ್ಲ. ಮೊದಲು ಮೇಲಿನಿಂದ ತೆಗೆದವರಿಗೆ ಹೆಚ್ಚು, ಕೊನೆಗೆ ತಳದಿಂದ ತೆಗೆದವರಿಗೆ ಕಡಿಮೆ. ಗ್ರಾಮಿಗೆ 1.43 ಅನ್ನುವುದು ಇಡೀ ಬಾಣಲೆಯ ಸರಾಸರಿ, ನಿಮ್ಮ ಸೌಟಿನದಲ್ಲ.

ಇದಕ್ಕೆ ಎರಡು ದಾರಿ. ಬಡಿಸುವ ಮುನ್ನ ತಳದಿಂದ ಮೇಲಕ್ಕೆ ಹದವಾಗಿ ಕೈಯಾಡಿಸಿ, ತಕ್ಷಣ ಬಡಿಸಿ. ಗಟ್ಟಿ ಮಸಾಲೆಯಲ್ಲಿ ಎಣ್ಣೆ ಸ್ವಲ್ಪ ಹೊತ್ತು ಬೆರೆತಿರುತ್ತದೆ. ಅಥವಾ, ಎಣ್ಣೆ ಕಡಿಮೆ ಮಾಡಬೇಕೆಂದೇ ಇದ್ದರೆ ಬಾಣಲೆಯನ್ನು ಐದು ನಿಮಿಷ ಒಂದು ಬದಿಗೆ ಓರೆ ಮಾಡಿಡಿ, ಅಂಚಿಗೆ ಇಳಿದದ್ದನ್ನು ಚಮಚದಿಂದ ಒಂದು ಬಟ್ಟಲಿಗೆ ತೆಗೆದು ತೂಗಿ. 15 ಗ್ರಾಂ ಸಿಕ್ಕರೆ ಒಟ್ಟಿನಿಂದ 135 ಕ್ಯಾಲೊರಿ ಕಳೆದು, ತೂಕದಲ್ಲೂ 15 ಕಳೆದು ಮತ್ತೆ ಭಾಗಿಸಿ. ತೆಗೆದದ್ದು ಕೆಂಪಗೆ ತಿಳಿಯಾಗಿದ್ದರೆ ಅದು ಬಹುಮಟ್ಟಿಗೆ ಎಣ್ಣೆಯೇ. ಅದರಲ್ಲಿ ಮಸಾಲೆ, ನೀರು ಬೆರೆತು ಮಬ್ಬಾಗಿದ್ದರೆ ಅಷ್ಟೂ ತೂಕವನ್ನು ಎಣ್ಣೆ ಎಂದು ಕಳೆಯಬೇಡಿ, ಬಟ್ಟಲಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನದ್ದನ್ನು ಮಾತ್ರ ತೂಗಿ. ಆ ಎಣ್ಣೆಯನ್ನು ಮರುದಿನ ಒಗ್ಗರಣೆಗೆ ಬಳಸಿದರೆ ಆ ದಿನದ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ.

ತೆಳ್ಳಗಿನ ಸಾರಿನಲ್ಲಿ ಈ ಅಸಮ ಇನ್ನೂ ಹೆಚ್ಚು, ಒಗ್ಗರಣೆಯೆಲ್ಲ ಮೇಲೆಯೇ ಇರುತ್ತದೆ. ಆದರೆ ಅಲ್ಲಿ ಎಣ್ಣೆಯ ಮೊತ್ತವೇ ಕಡಿಮೆ ಆದ್ದರಿಂದ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಮರುದಿನ ಬಿಸಿ ಮಾಡಿದಾಗ

ಉಳಿದದ್ದನ್ನು ಮತ್ತೆ ಕುದಿಸಿದರೆ ನೀರು ಆವಿಯಾಗುತ್ತದೆ, ಕ್ಯಾಲೊರಿ ಅಷ್ಟೇ ಇರುತ್ತದೆ. ರಾತ್ರಿ 560 ಗ್ರಾಂ ಉಳಿದಿತ್ತು ಎನ್ನಿ, ಅದರಲ್ಲಿ 800 ಕ್ಯಾಲೊರಿ. ಬೆಳಿಗ್ಗೆ ಬಿಸಿ ಮಾಡಿ ತೂಗಿದರೆ 500 ಗ್ರಾಂ. ಈಗ ಗ್ರಾಮಿಗೆ 1.6. ಹಿಂದಿನ ದಿನದ 1.43ನ್ನೇ ಬಳಸಿದರೆ 180 ಗ್ರಾಮಿಗೆ ಮೂವತ್ತು ಕ್ಯಾಲೊರಿ ಕಡಿಮೆ ಬರೆದಂತಾಗುತ್ತದೆ. ನೀರು ಸೇರಿಸಿ ತೆಳುವಾಗಿಸಿದರೆ ಇದರ ತಿರುಗುಮುರುಗು. ಉಳಿದದ್ದರ ಒಟ್ಟು ಕ್ಯಾಲೊರಿಯನ್ನು ಬರೆದಿಟ್ಟುಕೊಂಡರೆ ಮರುದಿನ ಒಮ್ಮೆ ತೂಗಿ ಭಾಗಿಸುವುದಷ್ಟೇ ಕೆಲಸ. ಸಾಂಬಾರನ್ನು ಎರಡು ಮೂರು ಸಲ ಕುದಿಸಿ ಉಣ್ಣುವ ಮನೆಗಳಲ್ಲಿ ಇದು ಬೇಕಾಗುತ್ತದೆ.

ತುಪ್ಪ

ಅನ್ನದ ಮೇಲೆ ಹಾಕಿಕೊಳ್ಳುವ ತುಪ್ಪವನ್ನು ಅಳೆಯುವುದು ಎಣ್ಣೆಗಿಂತ ಸುಲಭ, ಅದು ನಿಮ್ಮ ತಟ್ಟೆಗೇ ಬೀಳುತ್ತದೆ, ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ. ಅನ್ನ ಹಾಕಿದ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ತುಪ್ಪ ಬಡಿಸಿಕೊಳ್ಳಿ.

ತೊಂದರೆ ಬರುವುದು ಚಮಚದ ಲೆಕ್ಕದಲ್ಲಿ. ಕಾಯಿಸಿದ ತಿಳಿ ತುಪ್ಪ ಚಮಚದ ಅಂಚಿಗೆ ಸಮನಾಗಿ ನಿಲ್ಲುತ್ತದೆ. ಚಳಿಗಾಲದ ಹರಳು ತುಪ್ಪ ಚಮಚದ ಮೇಲೆ ಗುಡ್ಡೆಯಾಗುತ್ತದೆ. ನಮ್ಮ ತುಪ್ಪದ ಜಾಡಿಯ ಚಮಚದಲ್ಲಿ ತಿಳಿ ತುಪ್ಪ 5 ಗ್ರಾಂ, ಗುಡ್ಡೆ ತುಪ್ಪ 11 ಗ್ರಾಂ ಬಂತು. ಅಂದರೆ ಒಂದು 45 ಕ್ಯಾಲೊರಿ, ಇನ್ನೊಂದು 99. ಎರಡನ್ನೂ ನಾವು ಬಾಯಲ್ಲಿ "ಒಂದು ಚಮಚ" ಅಂತಲೇ ಹೇಳುತ್ತೇವೆ. ಜಾಡಿಯನ್ನು ಮೊದಲು ಮತ್ತು ನಂತರ ತೂಗುವುದಾದರೆ ಎರಡು ಸಲವೂ ಚಮಚ ಒಳಗೇ ಇರಲಿ. ಅದಕ್ಕೆ ಅಂಟಿದ ತುಪ್ಪ ತಟ್ಟೆಗೆ ಬಂದಿರುವುದಿಲ್ಲ.

ತಕ್ಕಡಿ ಇಲ್ಲದ ಕಡೆ

ದಿನವೂ ತೂಗುತ್ತಾ ಕೂರಬೇಕಾಗಿಲ್ಲ. ಮನೆಯಲ್ಲಿ ಮರಳಿ ಮರಳಿ ಮಾಡುವ ಅಡುಗೆಗಳು ಹತ್ತು ಹನ್ನೆರಡು ಇರಬಹುದು. ಪ್ರತಿಯೊಂದನ್ನೂ ಬೇರೆ ಬೇರೆ ದಿನ ಮೂರು ಸಲ ತೂಗಿ ಸರಾಸರಿ ಬರೆದಿಡಿ. ಮೂರು ಸಲದ ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಆ ಅಡುಗೆಗೆ ಇನ್ನು ತಕ್ಕಡಿ ಬೇಡ. ಒಂದು ಸಲ 40 ಗ್ರಾಂ, ಇನ್ನೊಂದು ಸಲ 80 ಗ್ರಾಂ ಎಣ್ಣೆ ಬಿದ್ದಿದ್ದರೆ ಅಂಥ ಅಡುಗೆಯನ್ನು ಸರಾಸರಿಗೆ ಬಿಡಬೇಡಿ, ಮಾಡಿದಾಗಲೆಲ್ಲ ಬಾಟಲಿ ತೂಗಿ.

ಜೊತೆಗೆ ಮನೆಯ ಸೌಟನ್ನೂ ಒಮ್ಮೆ ಅಳೆದಿಡಿ. ಎಂದಿನಂತೆ ಹುಳಿಯನ್ನು ಐದು ಸೌಟು ಬಟ್ಟಲಿಗೆ ಬಡಿಸಿ, ತೂಗಿ, ಐದರಿಂದ ಭಾಗಿಸಿ. ಒಂದು ಸೌಟು ತುಂಬಿ ಸುರಿಯುವಂತೆ, ಇನ್ನೊಂದು ಅರೆ ತುಂಬಿದಂತೆ ಇರುತ್ತದೆ, ಅದಕ್ಕೇ ಐದರ ಸರಾಸರಿ. ನಮ್ಮ ಸೌಟಿನಲ್ಲಿ ಹುಳಿ 95 ಗ್ರಾಂ. ಅದೇ ಸೌಟಿನಲ್ಲಿ ಒಣ ಪಲ್ಯ 60 ಗ್ರಾಂ ಮಾತ್ರ, ಹೋಳುಗಳ ನಡುವೆ ಜಾಗ ಖಾಲಿ ಉಳಿಯುತ್ತದೆ. ಹಾಗಾಗಿ ಸೌಟಿಗೆ ಒಂದೇ ಅಂಕಿ ಸಾಲದು, ಪಲ್ಯಕ್ಕೆ ಬೇರೆ, ಹುಳಿಗೆ ಬೇರೆ.

ನೆಂಟರ ಮನೆಯಲ್ಲಿ ಉಂಡಾಗ ನಾನು ನನ್ನ ಹಾಳೆಯ ಅಂಕಿಗಳನ್ನೇ ನೆನಪಿಸಿಕೊಳ್ಳುತ್ತೇನೆ. ನಮ್ಮ ಮನೆಯ ಅಳತೆಯಲ್ಲಿ ಒಬ್ಬರ ಪಾಲಿನ ಹುಳಿಯಲ್ಲಿ 3ರಿಂದ 5 ಗ್ರಾಂ ಎಣ್ಣೆ, ಪಲ್ಯದಲ್ಲಿ 5ರ ಸುತ್ತಮುತ್ತ, ಗೊಜ್ಜಿನಲ್ಲಿ 8ರಿಂದ 10, ಎಣ್ಣೆಗಾಯಿಯಲ್ಲಿ 13. ಆಮೇಲೆ ತಟ್ಟೆ ನೋಡುತ್ತೇನೆ. ಪಲ್ಯ ತೆಗೆದ ಜಾಗದಲ್ಲಿ ತೆಳ್ಳಗೆ ಹೊಳಪು ಮಾತ್ರ ಇದ್ದರೆ ನನ್ನ ಅಂಕಿಯೇ ಇರಲಿ. ಮಸಾಲೆಯ ಸುತ್ತ ಬಣ್ಣದ ಎಣ್ಣೆ ಬಳೆಯಂತೆ ಕಟ್ಟಿಕೊಂಡು ಚಪಾತಿ ಒತ್ತಿದರೆ ಹೀರುವಷ್ಟಿದ್ದರೆ ಅದನ್ನು ಒಂದೂವರೆ ಪಟ್ಟು ಮಾಡುತ್ತೇನೆ. ಇದು ಅಂದಾಜೇ ಹೌದು. ಆದರೆ ಅಳೆದು ಅಳೆದು ಕಣ್ಣು ಪಳಗಿದ ಮೇಲಿನ ಅಂದಾಜು.

ತಿಂಗಳಿಗೊಮ್ಮೆ ಪ್ಯಾಕೆಟ್ಟಿನ ಜೊತೆ ತಾಳೆ ನೋಡಿ

ಎಷ್ಟೇ ಎಚ್ಚರದಿಂದ ಬರೆದರೂ ಎಣ್ಣೆ ಎಲ್ಲೋ ಒಂದು ಕಡೆ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದುಬಿಡಿ. ನಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರು. ಒಂದು ಲೀಟರ್ 12 ದಿನ ಬಂತು. 910 ಗ್ರಾಮನ್ನು 12ರಿಂದ ಭಾಗಿಸಿದರೆ ದಿನಕ್ಕೆ 76 ಗ್ರಾಂ, ನಾಲ್ಕರಿಂದ ಭಾಗಿಸಿದರೆ ತಲೆಗೆ 19 ಗ್ರಾಂ. ನನ್ನ ಪುಸ್ತಕದಲ್ಲಿ ಆ ದಿನಗಳ ಸರಾಸರಿ 11 ಗ್ರಾಂ ಎಂದಿತ್ತು. ದಿನಕ್ಕೆ 8 ಗ್ರಾಂ, ಅಂದರೆ 72 ಕ್ಯಾಲೊರಿಯ ಸುಳಿವೇ ಇರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ದೋಸೆಯ ಕಾವಲಿ. ಪಲ್ಯ, ಹುಳಿಗಳನ್ನೆಲ್ಲ ತೂಗುತ್ತಿದ್ದ ನಾನು ದೋಸೆಯ ಸುತ್ತ ಬಿಡುವ ಎಣ್ಣೆಯನ್ನು ಬರೆದೇ ಇರಲಿಲ್ಲ. ಚಪಾತಿ ಹಿಟ್ಟು ನಾದುವಾಗ ಬೀಳುವ ಎಣ್ಣೆ, ಉಪ್ಪಿಟ್ಟಿಗೆ ರವೆ ಹುರಿಯುವ ಎಣ್ಣೆ, ಚಟ್ನಿಯ ಒಗ್ಗರಣೆ ಕೂಡ ಹೀಗೇ ಬಿಟ್ಟುಹೋಗುವಂಥವು. ಲೆಕ್ಕ ಇನ್ನೊಂದು ಕಡೆಗೂ ತಪ್ಪಬಹುದು. ಹಬ್ಬಕ್ಕೆ ಕರಿದು ಉಳಿದ ಎಣ್ಣೆ, ಉಪ್ಪಿನಕಾಯಿಗೆ ಸುರಿದದ್ದು, ದೇವರ ದೀಪಕ್ಕೆ ಅದೇ ಪ್ಯಾಕೆಟ್ಟಿನಿಂದ ಹಾಕಿದ್ದು ಯಾರ ಹೊಟ್ಟೆಗೂ ಹೋಗಿರುವುದಿಲ್ಲ, ಅವನ್ನು ಮೊದಲು ಕಳೆಯಬೇಕು. ಕರಿಯುವ ದಿನ ಬಾಣಲೆಗೆ ಹಾಕುವ ಮುಂಚೆ ಎಣ್ಣೆಯನ್ನು ತೂಗಿ, ತಣಿದ ಮೇಲೆ ಸೋಸಿ ಮತ್ತೆ ತೂಗಿದರೆ ತಿಂಡಿ ಹೀರಿದ್ದು ಎಷ್ಟು ಎಂದು ತಿಳಿಯುತ್ತದೆ.

ಪ್ಯಾಕೆಟ್ಟಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ತಲೆಗೆ ದಿನಕ್ಕೆ ಎರಡು ಗ್ರಾಮಿನಷ್ಟು ವ್ಯತ್ಯಾಸ ಉಳಿದರೆ ನಾನು ಇನ್ನೇನೂ ಹುಡುಕುವುದಿಲ್ಲ. ಬಾಣಲೆ ತೊಳೆಯುವಾಗ ಹೋಗುವ ಜಿಡ್ಡು, ಬಾಟಲಿಯ ಹೊರಗೆ ಇಳಿಯುವ ತೊಟ್ಟು, ಮನೆಯಲ್ಲಿ ಒಬ್ಬರು ಹೆಚ್ಚು ಒಬ್ಬರು ಕಡಿಮೆ ತಿನ್ನುವುದು, ಇಷ್ಟರಲ್ಲೇ ಅದು ಸರಿಹೋಗುತ್ತದೆ. ಐದು ಗ್ರಾಂ ದಾಟಿದರೆ ಮಾತ್ರ ಮುಂದಿನ ಪ್ಯಾಕೆಟ್ ಒಡೆದ ದಿನದಿಂದ ಒಂದು ವಾರ ಬಾಟಲಿಯನ್ನು ಬೆಳಿಗ್ಗೆ ತಿಂಡಿಗೆ ಮುಂಚೆ, ತಿಂಡಿಯ ನಂತರ, ರಾತ್ರಿ ಅಡುಗೆ ಮುಗಿದ ಮೇಲೆ ಹೀಗೆ ದಿನಕ್ಕೆ ಮೂರು ಸಲ ತೂಗುತ್ತೇನೆ. ಯಾವ ಹೊತ್ತಿನಲ್ಲಿ ಎಣ್ಣೆ ಇಳಿಯುತ್ತಿದೆ ಎಂದು ಹಾಳೆಯಲ್ಲೇ ಕಾಣುತ್ತದೆ.